ಭಾನುವಾರದ ಮ್ಯಾರಥಾನ್‌ಗೆ ಮೊದಲಿನ ಮೂರು ದಿನಗಳ ಊಟ

ನಿಮ್ಮ ತೂಕ 60 ಕೆ.ಜಿ. ಓಟ 42.195 ಕಿ.ಮೀ., ಬೆಳಿಗ್ಗೆ 5ಕ್ಕೆ.

ಗುರುವಾರ ಕಿಲೋ ತೂಕಕ್ಕೆ 7 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ 420 ಗ್ರಾಂ. ದಿನನಿತ್ಯದ ಊಟಕ್ಕೆ ಒಂದು ಸೌಟು ಅನ್ನ, ಎರಡು ಬಾಳೆಹಣ್ಣು ಹೆಚ್ಚಿಗೆ ಸೇರಿಸಿದರೆ ಸಾಕು. ಶುಕ್ರವಾರ ಮತ್ತು ಶನಿವಾರ ಕಿಲೋಗೆ 10 ಗ್ರಾಂ, ದಿನಕ್ಕೆ 600. ಕೆಲವರು 12 ಗ್ರಾಂವರೆಗೂ ಹೋಗುತ್ತಾರೆ. ಮೊದಲ ಸಲಕ್ಕೆ ಆ ಸಾಹಸ ಬೇಡ. ಮೊದಲು ಉಪವಾಸವಿದ್ದಂತೆ ಕಾರ್ಬೋಹೈಡ್ರೇಟ್ ಬಿಟ್ಟು ಆಮೇಲೆ ತುಂಬಿಸುವ ಹಳೆಯ ಪದ್ಧತಿಯೂ ಬೇಡ. ಓಟ ತಗ್ಗಿಸಿ ಚೆನ್ನಾಗಿ ಉಂಡರೆ ಸ್ನಾಯುಗಳಲ್ಲಿ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟುಕೊಳ್ಳುವ ಕಾರ್ಬೋಹೈಡ್ರೇಟ್, ತುಂಬುತ್ತದೆ.

ಶುಕ್ರವಾರ ಓಡಬೇಡಿ. ಶನಿವಾರ 15 ನಿಮಿಷ ಹಗುರವಾಗಿ ಓಡಿದರೆ ಸಾಕು.

ಶನಿವಾರದ ಊಟ ಹೀಗಿರಲಿ. ಶುಕ್ರವಾರವೂ ಇದೇ ನಡೆಯುತ್ತದೆ. ಬೆಳಿಗ್ಗೆ 7ಕ್ಕೆ ಆರು ಇಡ್ಲಿ, ಒಂದು ದೊಡ್ಡ ಚಮಚ ಜೇನುತುಪ್ಪ, ಒಂದು ಪಚ್ಚಬಾಳೆ: 114 ಗ್ರಾಂ. ತೆಂಗಿನಕಾಯಿ ಚಟ್ನಿ ನಾಲಿಗೆಗೆ ತಾಗುವಷ್ಟೇ. 10.30ಕ್ಕೆ ನಾಲ್ಕು ಹೋಳು ಬಿಳಿ ಬ್ರೆಡ್, ಎರಡು ಚಮಚ ಜಾಮ್, ಒಂದು ಲೋಟ ಸೇಬಿನ ರಸ: 106. ಮಧ್ಯಾಹ್ನ 400 ಗ್ರಾಂ ಬೆಂದ ಬಿಳಿ ಅನ್ನ, ತಿಳಿಸಾರು, 150 ಗ್ರಾಂ ಆಲೂಗಡ್ಡೆ ಪಲ್ಯ: 142. ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ, 400 ಗ್ರಾಂ ಅನ್ನ ತಟ್ಟೆಯಲ್ಲಿ ಕಾಣುವುದು ನೀವು ಊಹಿಸಿದ್ದಕ್ಕಿಂತ ಹೆಚ್ಚು. ಸಂಜೆ 4ಕ್ಕೆ 70 ಗ್ರಾಂ ಅವಲಕ್ಕಿಗೆ 20 ಗ್ರಾಂ ಬೆಲ್ಲ, ಜೊತೆಗೆ ಇನ್ನೊಂದು ಬಾಳೆಹಣ್ಣು: 98. ರಾತ್ರಿ 7ಕ್ಕೆ 300 ಗ್ರಾಂ ಅನ್ನ, ತೆಳು ತೊವ್ವೆ, 100 ಗ್ರಾಂ ಆಲೂಗಡ್ಡೆ: 104. ದಿನವಿಡೀ ಆಗಾಗ ಗುಟುಕರಿಸಲು 50 ಗ್ರಾಂ ಬೆಲ್ಲದ ಪಾನಕ: 48. ಒಟ್ಟು 612. ಇವು ಅಂದಾಜು ಲೆಕ್ಕಗಳು, ಇಡ್ಲಿ ಸಣ್ಣದಿದ್ದರೆ ಒಂದು ಹೆಚ್ಚಿಗೆ ಹಾಕಿಕೊಳ್ಳಿ.

ಅನ್ನ ಹೆಚ್ಚಿದಷ್ಟು ಎಣ್ಣೆ, ತುಪ್ಪ, ಮೊಳಕೆಕಾಳು ಕಡಿಮೆಯಾಗಬೇಕು. ರಾಗಿ ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು ಈ ಎರಡು ದಿನ ಬೇಡವೇ ಬೇಡ. ಅವು ಒಳ್ಳೆಯವೇ, ಆದರೆ ನಾರು ಹೊಟ್ಟೆಯಲ್ಲಿ ಉಳಿದರೆ 30ನೇ ಕಿಲೋಮೀಟರಿನಲ್ಲಿ ಶೌಚಾಲಯ ಹುಡುಕಬೇಕಾಗುತ್ತದೆ. ಪರಿಚಯವಿಲ್ಲದ ತಿಂಡಿ, ಮದುವೆ ಮನೆಯ ಹೋಳಿಗೆ ಊಟ ಕೂಡ ಬೇಡ. ಹೋಳಿಗೆಗಿಂತ ಅದರ ಮೇಲಿನ ತುಪ್ಪದ್ದೇ ತಕರಾರು.

ಶನಿವಾರ ತೂಕದ ಯಂತ್ರದ ಮೇಲೆ ಒಂದೆರಡು ಕಿಲೋ ಹೆಚ್ಚಾಗಿ ಕಂಡರೆ ಗಾಬರಿಯಾಗಬೇಡಿ. ಒಂದು ಗ್ರಾಂ ಗ್ಲೈಕೋಜನ್ ತನ್ನೊಡನೆ ಸುಮಾರು ಮೂರು ಗ್ರಾಂ ನೀರು ಹಿಡಿದಿಡುತ್ತದೆ. ಅದು ಕೊಬ್ಬಲ್ಲ. ಕಾಲು ಭಾರವೆನಿಸುವುದೂ ಅದಕ್ಕೇ. ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಈ ಪಟ್ಟಿಯನ್ನು ವೈದ್ಯರಿಗೆ ತೋರಿಸದೆ ಮುಟ್ಟಬೇಡಿ.

ಭಾನುವಾರ ಮುಂಜಾನೆ 3ಕ್ಕೆ ಕಿಲೋಗೆ 1.5 ಗ್ರಾಂ, ಅಂದರೆ 90: ಮೂರು ಇಡ್ಲಿ, ಜಾಮ್ ಸವರಿದ ಎರಡು ಹೋಳು ಬ್ರೆಡ್. ಇಡ್ಲಿಯನ್ನು ಶನಿವಾರ ರಾತ್ರಿಯೇ ಬೇಯಿಸಿ ಫ್ರಿಜ್‌ನಲ್ಲಿಟ್ಟು, ಎದ್ದ ಕೂಡಲೇ ಆವಿಯಲ್ಲಿ ಬಿಸಿ ಮಾಡಿಕೊಳ್ಳಿ.