ಆನೆ ಆನೆಯಾಗಿಯೇ ಬರಲಿ: ಕನ್ನಡದಲ್ಲಿ ಸ್ವಾಹಿಲಿಯ ಪ್ರಾಣಿಗಾದೆಗಳು

ಆನೆ ಎರಡು ಕಾದಿದರೆ ನೋವು ಹುಲ್ಲಿಗೆ.

‘ವಾಪಿಗಾನಾಪೋ ತೆಂಬೊ ವಾವಿಲಿ, ಜಿಯುಮಿಯಾಜೊ ನ್ಯಾಸಿ’ ಎಂಬುದು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ ಇದರ ಮೂಲ. ಬಲಿಷ್ಠರ ಜಗಳದಲ್ಲಿ ಅದಕ್ಕೆ ಸಂಬಂಧವೇ ಇಲ್ಲದ ಸಣ್ಣವರು ನಲುಗಿದಾಗ ಈ ಮಾತು ಬರುತ್ತದೆ. ಇದನ್ನು ಓದಿದ ಕನ್ನಡಿಗರಿಗೆ ‘ಕೋಣವೆರಡು ಹೋರಾಡಿದರೆ ಗಿಡಕ್ಕೆ ಮಿತ್ತು’ ಎಂಬ ನಮ್ಮ ಹಳೆಯ ಗಾದೆ ಕೂಡಲೇ ನೆನಪಾಗುತ್ತದೆ. ಅದನ್ನೇ ಅನುವಾದವೆಂದು ಬರೆದುಬಿಟ್ಟರೆ ಕೆಲಸ ಮುಗಿಯಿತೆಂಬ ಆಸೆಯೂ ಹುಟ್ಟುತ್ತದೆ. ಆದರೆ ಹಾಗೆ ಮಾಡಿದರೆ ಅರ್ಥ ಉಳಿದು ಆನೆ ಹೊರಟುಹೋಗುತ್ತದೆ. ಕೋಣ ನಮ್ಮ ಕೊಟ್ಟಿಗೆಯದು, ಅದನ್ನು ಬೆದರಿಸಿ ಓಡಿಸಬಹುದು. ಬಯಲಿನಲ್ಲಿ ಕಾದಾಡುವ ಆನೆಗಳ ನಡುವೆ ಹೋಗಿ ಬಿಡಿಸುವವರು ಯಾರೂ ಇಲ್ಲ. ಆದ್ದರಿಂದ ಈ ಬರಹದಲ್ಲಿ ನಾನು ಹಾಕಿಕೊಂಡ ಕಟ್ಟಳೆ ಒಂದೇ: ಪ್ರಾಣಿಯನ್ನು ಬದಲಿಸಬಾರದು, ಕನ್ನಡದ ಗಾದೆ ನೆನಪಾದರೆ ಅದನ್ನು ಪಕ್ಕದಲ್ಲಿ ನಿಲ್ಲಿಸಬೇಕೇ ಹೊರತು ಮೂಲದ ಜಾಗದಲ್ಲಿ ಕೂರಿಸಬಾರದು.

ಇನ್ನೊಂದು ಸೂಕ್ಷ್ಮವಿದೆ. ಸ್ವಾಹಿಲಿಯಲ್ಲಿ ಹುಲ್ಲು ಎಂಬರ್ಥದ ‘ನ್ಯಾಸಿ’ ಕಟ್ಟಕಡೆಯ ಪದವಾಗಿ ಬಂದು, ಎರಡು ದೊಡ್ಡ ಪ್ರಾಣಿಗಳನ್ನು ನೋಡುತ್ತಿದ್ದ ಕಣ್ಣನ್ನು ಥಟ್ಟನೆ ನೆಲಕ್ಕೆ ಇಳಿಸುತ್ತದೆ. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದು ರೂಢಿಯಾದರೂ ‘ಹುಲ್ಲು ನಲುಗುತ್ತದೆ’ ಎಂದರೆ ಆ ಇಳಿತ ಸಿಗುವುದಿಲ್ಲ. ಕ್ರಿಯಾಪದವನ್ನೇ ಬಿಟ್ಟು ‘ಹುಲ್ಲಿಗೆ’ ಎಂದು ನಿಲ್ಲಿಸಿದ್ದು ಈ ಕಾರಣಕ್ಕೆ.

ಗಾದೆ ಎಷ್ಟು ಚಿಕ್ಕದಾಗಿರಬೇಕೆಂಬುದಕ್ಕೆ ಪೂರ್ವ ಆಫ್ರಿಕಾದ ಕರಾವಳಿಯಲ್ಲೇ ಒಂದು ಅಳತೆ ದೊರೆಯುತ್ತದೆ. ಅಲ್ಲಿನ ಹೆಂಗಸರು ಉಡುವ, ಹೊದೆಯುವ ಕಾಂಗಾ ಎಂಬ ಬಟ್ಟೆಯ ಮೇಲೆ, ಅಂಚಿಗೆ ಸಮೀಪದಲ್ಲಿ, ಒಂದು ಸಾಲಿನ ಗಾದೆಯನ್ನೋ ಮಾತನ್ನೋ ಅಚ್ಚು ಹಾಕಿರುತ್ತಾರೆ. ಆ ಸಾಲನ್ನು ‘ಜೀನಾ’, ಅಂದರೆ ಹೆಸರು, ಎನ್ನುತ್ತಾರೆ. ಬಾಯಲ್ಲಿ ಆಡಲಾಗದ್ದನ್ನು ನೆರೆಯವಳಿಗೋ ಸವತಿಗೋ ಗಂಡನಿಗೋ ತಿಳಿಸಲು ಹೆಂಗಸರು ತಕ್ಕ ಜೀನಾ ಇರುವ ಕಾಂಗಾವನ್ನು ಆರಿಸಿ ಉಡುವುದುಂಟು. ಬಟ್ಟೆಯ ಮೇಲೆ ಎರಡನೆಯ ಸಾಲಿಗೆ ಜಾಗವಿಲ್ಲ, ವಿವರಣೆಗಂತೂ ಇಲ್ಲವೇ ಇಲ್ಲ. ಹೀಗಾಗಿ ಮುಂದಿನ ಪ್ರತಿಯೊಂದು ಅನುವಾದವನ್ನೂ ಒಂದು ಕಾಂಗಾದ ಮೇಲೆ ಹಿಡಿಸೀತೇ ಎಂದು ನೋಡಿಯೇ ಬರೆದಿದ್ದೇನೆ.

ಕೋಳಿಯ ಶಾಪ ಹದ್ದಿಗೆ ತಟ್ಟದು.

ಮೂಲದಲ್ಲಿರುವುದು ‘ದುವಾ ಲಾ ಕೂಕು ಹಾಲಿಂಪಾಟಿ ಮ್ವೇವೆ’. ‘ದುವಾ’ ಅರಬ್ಬಿಯಿಂದ ಬಂದ ಪದ, ಅದರ ನೇರ ಅರ್ಥ ಪ್ರಾರ್ಥನೆ. ‘ಕೋಳಿಯ ಪ್ರಾರ್ಥನೆ ಹದ್ದನ್ನು ಮುಟ್ಟುವುದಿಲ್ಲ’ ಎಂದು ನಿಷ್ಠೆಯಿಂದ ಬರೆದರೆ ಕೋಳಿಯು ಹದ್ದಿನೆದುರು ಕೈಮುಗಿದು ಬೇಡಿಕೊಳ್ಳುತ್ತಿರುವ ಚಿತ್ರ ಮೂಡುತ್ತದೆ, ಅದು ತಪ್ಪು ಚಿತ್ರ. ಮರಿಯನ್ನು ಕಳೆದುಕೊಂಡ ಕೋಳಿ ದೇವರ ಮುಂದೆ ಹದ್ದಿಗೆ ಕೇಡು ಬಯಸುತ್ತಿದೆ; ಹದ್ದು ಆಗಲೇ ಆಕಾಶ ಸೇರಿದೆ. ಕೇಡು ಬಯಸುವ ಪ್ರಾರ್ಥನೆಗೆ ನಮ್ಮಲ್ಲಿ ಇರುವ ಪದ ಶಾಪ, ಮತ್ತು ಶಾಪಕ್ಕೆ ಒಗ್ಗುವ ಕ್ರಿಯಾಪದ ತಟ್ಟುವುದು. ಇಲ್ಲಿ ನಿಘಂಟನ್ನು ಮೀರಿದ್ದರಿಂದಲೇ ಗಾದೆ ಉಳಿಯಿತೆಂದು ನನ್ನ ನಂಬಿಕೆ. ‘ಬಡವನ ಸಿಟ್ಟು ದವಡೆಗೆ ಮೂಲ’ ಎಂಬ ನಮ್ಮ ಮಾತು ಇದರ ನೆಂಟನೇ, ಆದರೆ ಸ್ವಭಾವ ಬೇರೆ: ನಮ್ಮದು ಬಡವನನ್ನು ಎಚ್ಚರಿಸುತ್ತದೆ, ಅವರದು ಕೋಳಿಯ ಅಸಹಾಯಕತೆಯನ್ನು ಕಂಡಂತೆ ಹೇಳಿ ಸುಮ್ಮನಾಗುತ್ತದೆ.

ಕತ್ತೆಯ ನಮಸ್ಕಾರ ಹಿಂಗಾಲಿನದು.

‘ಅಸಾಂಟೆ ಯಾ ಪುಂಡಾ ನಿ ಮಾಟೇಕೆ’, ಅಂದರೆ ಕತ್ತೆ ಹೇಳುವ ಧನ್ಯವಾದವೆಂದರೆ ಒದೆತಗಳು. ಅಸಾಂಟೆ ಎಂಬುದು ಸ್ವಾಹಿಲಿ ಮಾತನಾಡುವವರ ಬಾಯಲ್ಲಿ ದಿನಕ್ಕೆ ಹತ್ತಾರು ಸಲ ಬರುವ ಪದ. ನಮ್ಮ ‘ಧನ್ಯವಾದ’ ಸಭೆಯ ಕೊನೆಯಲ್ಲಿ ವೇದಿಕೆ ಹತ್ತುವ ಪದ, ‘ಕೃತಜ್ಞತೆ’ಯಂತೂ ಮುನ್ನುಡಿಯಿಂದ ಕೆಳಗಿಳಿಯುವುದೇ ಇಲ್ಲ. ದಿನನಿತ್ಯ ಮಾಡುವಂಥದ್ದು, ಮೈಯಿಂದಲೇ ತೋರುವಂಥದ್ದು ಬೇಕಿತ್ತು. ನಮಸ್ಕಾರ ಎಂದ ಕೂಡಲೇ ಮುಂಗೈಗಳು ಕಣ್ಣಮುಂದೆ ಬರುತ್ತವೆ, ಕತ್ತೆ ಹಿಂಗಾಲನ್ನು ಎತ್ತುತ್ತದೆ. ಒದೆ ಎಂಬ ಪದವನ್ನು ಹೇಳದೆಯೇ ಒದೆ ಬೀಳುತ್ತದೆ. ಮೋಟಾರು ವಾಹನಗಳಿಗಿಂತ ಕತ್ತೆಗಳೇ ಹೆಚ್ಚಾಗಿ ಓಡಾಡುವ ಕೀನ್ಯಾದ ಲಾಮು ಪಟ್ಟಣದಂಥ ಊರಿನಲ್ಲಿ ಈ ಗಾದೆಯ ಸತ್ಯವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಕೋತಿಗೆ ತನ್ನ ಕುಂಡೆ ಕಾಣದು.

ಸಭ್ಯರು ಕ್ಷಮಿಸಬೇಕು, ಮೂಲವೂ ಇಷ್ಟೇ ನೇರವಾಗಿದೆ: ‘ನ್ಯಾನಿ ಹಾವೋನಿ ಕುಂಡೂಲೆ’. ‘ಕುಂಡು’ ಮತ್ತು ‘ಲಾಕೆ’ (ತನ್ನ) ಸೇರಿ ‘ಕುಂಡೂಲೆ’ ಆಗಿದೆ. ನಮ್ಮ ಕುಂಡೆಗೂ ಅವರ ಕುಂಡುವಿಗೂ ಸಂಬಂಧ ಕಲ್ಪಿಸಲು ಯಾವ ಆಧಾರವೂ ಇಲ್ಲ, ಬರಿಯ ಕಾಕತಾಳೀಯ; ಆದರೂ ಅನುವಾದಕನಿಗೆ ಇಂಥ ಅದೃಷ್ಟ ಪದೇ ಪದೇ ಒದಗುವುದಿಲ್ಲವಾದ್ದರಿಂದ ‘ಹಿಂಭಾಗ’ ಎಂದು ಬರೆದು ಅದನ್ನು ಕೆಡಿಸಲು ಮನಸ್ಸಾಗಲಿಲ್ಲ. ನ್ಯಾನಿ ಎಂದರೆ ಬಬೂನ್, ನಮ್ಮ ಮಂಗಕ್ಕಿಂತ ಬಲು ದೊಡ್ಡ ಪ್ರಾಣಿ, ಅದರ ಕೂದಲಿಲ್ಲದ ಪೃಷ್ಠ ದೂರದಿಂದಲೇ ಎದ್ದು ಕಾಣುತ್ತದೆ. ಎಲ್ಲರಿಗೂ ಕಾಣುವುದು ಅದಕ್ಕೊಂದಕ್ಕೇ ಕಾಣುವುದಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸುವವನನ್ನು ಬಲ್ಲ ನಮಗೆ ಇದರ ನೀತಿ ಹೊಸದಲ್ಲ.

ಕೆಲವು ಗಾದೆಗಳು ಯಾವ ತೊಂದರೆಯನ್ನೂ ಕೊಡದೆ ಗಡಿ ದಾಟುತ್ತವೆ. ದೂರದ ದೊಣ್ಣೆಗೆ ಹಾವು ಸಾಯದು. ಒಂದು ಕೊಟ್ಟಿಗೆಗೆ ಎರಡು ಗೂಳಿ ಸಲ್ಲವು. ದಡ ಕಂಡ ನಾಯಿ ಮುಳುಗದು. ಒಂದೇ ಬೆರಳಿಗೆ ಹೇನು ಸಾಯದು. ಇವುಗಳಿಗೆ ಟಿಪ್ಪಣಿ ಬೇಕಾಗಿಲ್ಲ.

ಮಿಡತೆಗಳ ಯುದ್ಧ, ಕಾಗೆಗೆ ಹಬ್ಬ.

ಮೂಲದಲ್ಲಿ ಹಬ್ಬದ ಜಾಗದಲ್ಲಿರುವ ‘ಫುರಾಹಾ’ ಎಂದರೆ ಸಂತೋಷ. ಕಾಗೆಯ ಸಂತೋಷ ಹೊಟ್ಟೆಯದಾದ್ದರಿಂದ ಹಬ್ಬ ಎಂದೆ. ಇಲ್ಲೊಂದು ಅಡ್ಡಮಾತು: ನಮ್ಮ ಬೂದುಕತ್ತಿನ ಊರುಕಾಗೆಯನ್ನು 19ನೆಯ ಶತಮಾನದ ಕೊನೆಯ ದಶಕದಲ್ಲಿ ಕಸ ತಿಂದು ಚೊಕ್ಕಟ ಮಾಡಲೆಂದು ಜಾಂಜಿಬಾರಿಗೆ ಒಯ್ದರು, ಈಗ ಅದು ಆ ಕರಾವಳಿಗೆಲ್ಲ ಪೀಡೆಯಾಗಿದೆ. ಆಫ್ರಿಕಾದ ಸ್ವಂತ ಕಾಗೆಗೆ ಎದೆಯೂ ಕತ್ತೂ ಬೆಳ್ಳಗಿರುತ್ತವೆ. ಗಾದೆಯನ್ನು ಓದುವಾಗ ನಿಮಗೆ ಯಾವ ಕಾಗೆ ಕಂಡರೂ ತಪ್ಪಿಲ್ಲ.

ಮೇಕೆಯ ಮುಂದೆ ಗಿಟಾರ್ ಬಾರಿಸಿದಂತೆ.

ಕೋಣನ ಮುಂದೆ ಕಿನ್ನರಿ ಬಾರಿಸುವ ನಾವು ಇದನ್ನು ಕೇಳಿ ನಗದಿರುವುದು ಕಷ್ಟ. ಸ್ವಾಹಿಲಿಯಲ್ಲಿ ಹೊಡೆಯುವುದಕ್ಕೂ ವಾದ್ಯ ನುಡಿಸುವುದಕ್ಕೂ ‘ಪೀಗಾ’ ಎಂಬ ಒಂದೇ ಧಾತು, ಮೊದಲ ಗಾದೆಯಲ್ಲಿ ಆನೆಗಳ ಕಾದಾಟವನ್ನು ಹೇಳುವ ‘ವಾಪಿಗಾನಾಪೋ’ ಹುಟ್ಟಿದ್ದೂ ಅದರಿಂದಲೇ. ಕನ್ನಡದ ‘ಬಾರಿಸು’ ಕೂಡ ಕೆನ್ನೆಗೂ ವೀಣೆಗೂ ಸಲ್ಲುತ್ತದೆ.

ಹಸಿಯಿದ್ದಾಗಲೇ ಮೀನು ಬಗ್ಗಿಸು.

ಮಕ್ಕಳನ್ನು ತಿದ್ದುವ ಮಾತು ಇದು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ಒಳನಾಡಿನವರು ಕೇಳಿದ್ದನ್ನು ಕಡಲಿನವರು ಮೀನಿನಿಂದ ಹೇಳಿದ್ದಾರೆ. ಒಣಮೀನು ಬಗ್ಗಿಸಲು ಹೋದರೆ ಲಟಕ್ಕೆಂದು ಮುರಿಯುವುದನ್ನು ಕಂಡಿರುವ ಕಾರವಾರ, ಮಲ್ಪೆಗಳ ಓದುಗರಿಗೆ ಈ ಗಾದೆ ಬಯಲುಸೀಮೆಯವರಿಗಿಂತ ಬೇಗ ದಕ್ಕೀತು.

ನನ್ನನ್ನು ಹೆಚ್ಚು ಕಾಡಿದ್ದು ‘ಕೂಕು ಮ್ಗೇನಿ ಹಾಕೋಸಿ ಕಾಂಬಾ ಮ್ಗೂನಿ’. ಹೊಸದಾಗಿ ತಂದ ಕೋಳಿ ತಪ್ಪಿಸಿಕೊಂಡು ಹೋಗದಂತೆ ಕಾಲಿಗೆ ಹುರಿ ಕಟ್ಟುತ್ತಾರೆ, ಸಂತೆಯಿಂದ ತಂದ ಕೋಳಿಗೆ ನಮ್ಮ ಹಳ್ಳಿಗಳಲ್ಲೂ ಹಾಗೆಯೇ ಮಾಡುತ್ತಾರೆ. ಆದ್ದರಿಂದ ಚಿತ್ರ ಕಷ್ಟವಲ್ಲ. ಕಷ್ಟವಿರುವುದು ‘ಮ್ಗೇನಿ’ಯಲ್ಲಿ. ಅತಿಥಿಗೂ ಪರಸ್ಥಳದವನಿಗೂ ಸ್ವಾಹಿಲಿಯಲ್ಲಿ ಈ ಒಂದೇ ಪದವಿರುವುದರಿಂದ, ಉಪಚಾರವೂ ಅನುಮಾನವೂ ಒಂದೇ ಹುರಿಯಲ್ಲಿ ಹೊಸೆದಿರುತ್ತವೆ. ‘ನೆಂಟ ಕೋಳಿ’ ಎಂದರೆ ಅನುಮಾನ ಹೋಗುತ್ತದೆ, ‘ಪರಕೀಯ ಕೋಳಿ’ ಎಂದರೆ ಕೋಳಿಯೇ ಹೋಗುತ್ತದೆ. ಹಲವು ಸಲ ಹೊಡೆದು ಬರೆದ ಮೇಲೆ ಸದ್ಯಕ್ಕೆ ಹೀಗೆ ನಿಲ್ಲಿಸಿದ್ದೇನೆ:

ಊರಿಗೆ ಹೊಸ ಕೋಳಿ, ಕಾಲಿಗೆ ಹುರಿ ತಪ್ಪದು.