ಅಜ್ಜಿಗೆ ಕಳಿಸಿದ ಅಲೆ

"ಸಮುದ್ರ ಹ್ಯಾಂಗಿರ್ತದೆ ಪುಟ್ಟಿ? ನಮ್ಮ ಕೆರೆ ಹಾಂಗೇ ನಿಂತಿರ್ತದಾ?"

ಫೋನಿನಲ್ಲಿ ಅಜ್ಜಿ ಕೇಳಿದರು. ಚೈತ್ರಾ ಗಂಟಲು ಹರಿದುಕೊಂಡು ಉತ್ತರ ಹೇಳಿದಳು. ಆಚೆಯಿಂದ ಮತ್ತೆ ಅದೇ ಪ್ರಶ್ನೆ. ಅಜ್ಜಿಗೆ ಕಿವಿ ಪೂರ್ತಿ ಮಂದವಾಗಿತ್ತು. ಸಿದ್ದಾಪುರದ ಆ ಕೇರಿಯಲ್ಲಿ ಮಳೆ ಶುರುವಾದರೆ ನೆಟ್‌ವರ್ಕೂ ಇಲ್ಲ, ವಿಡಿಯೋ ಕಾಲ್ ದೂರದ ಮಾತು. ಕಾಗದ ಬರೆಯೋಣ ಅಂದರೆ ಅಜ್ಜಿಗೆ ಓದಲು ಬರುವುದಿಲ್ಲ.

ಹೋಗಿ ಬರೋಣ ಅಂದರೆ ಅಪ್ಪನ ಕೈಯಲ್ಲಿ ದುಡ್ಡಿರಲಿಲ್ಲ. ಕಾರವಾರದ ಬೈತಖೋಲ್ ಬಂದರಿನ ಹತ್ತಿರ ಐಸ್ ಫ್ಯಾಕ್ಟರಿಯಲ್ಲಿ ಅವರ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಬೋಟಿಲ್ಲದಿದ್ದರೆ ಐಸ್ ಯಾರಿಗೆ ಬೇಕು?

ಶಾಲೆಯ ಡ್ರಾಯಿಂಗ್ ಸರ್ ಒಂದು ದಿನ ನೋಟ್‌ಬುಕ್ಕಿನ ಮೂಲೆಯಲ್ಲಿ ಓಡುವ ನಾಯಿ ತೋರಿಸಿದರು. ಹಾಳೆಗಳನ್ನು ಹೆಬ್ಬೆರಳಿನಿಂದ ಸರ್ರನೆ ಬಿಟ್ಟರೆ ನಾಯಿ ಓಡುತ್ತಿತ್ತು. "ಇದು ಫ್ಲಿಪ್‌ಬುಕ್. ಸಿನಿಮಾ ಹುಟ್ಟುವ ಮೊದಲೇ, 1868ರಲ್ಲೇ ಇಂಗ್ಲೆಂಡಿನಲ್ಲಿ ಒಬ್ಬರು ಇದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದರು," ಅಂದರು. ಚೈತ್ರಾಳಿಗೆ ಇಸವಿ ಬೇಕಿರಲಿಲ್ಲ. ಇದಕ್ಕೆ ಕಿವಿ ಬೇಡ, ಅಕ್ಷರ ಬೇಡ. ಅಷ್ಟೇ ಅವಳ ತಲೆಯಲ್ಲಿ ಓಡುತ್ತಿತ್ತು.

ಅವಳು ಬಿಡಿಸಿದ ಮೊದಲ ಅಲೆ ಕಪ್ಪೆಯ ಹಾಗೆ ಕುಪ್ಪಳಿಸಿತು.

ಸರ್ ನೋಡಿದರು. "ಒಂದು ಚಿತ್ರಕ್ಕೂ ಮುಂದಿನದಕ್ಕೂ ಅಂತರ ಜಾಸ್ತಿಯಾಯ್ತು. ಮೊದಲು ಮುಖ್ಯವಾದ ಮೂರು ಚಿತ್ರ ಬಿಡಿಸು. ಅಲೆ ದೂರದಲ್ಲಿದೆ, ಮುರಿಯಿತು, ಕಾಲಿಗೆ ಬಂತು. ನಡುವಿನದನ್ನು ಆಮೇಲೆ ತುಂಬು. ಅಂತರ ಹೆಚ್ಚಿದ್ದರೆ ವೇಗ, ಕಮ್ಮಿ ಇದ್ದರೆ ನಿಧಾನ. ಸೆಕೆಂಡಿಗೆ 12 ಚಿತ್ರ ಸರಿದರೂ ಸಾಕು, ಕಣ್ಣು ಅದನ್ನು ಚಲನೆ ಅಂತಲೇ ನೋಡುತ್ತದೆ."

ಹಾಗಾದರೆ ಅಲೆಯ ವೇಗ ಎಷ್ಟು? ಅದನ್ನು ನೋಡಲೆಂದೇ ಅವಳು ಮಳೆ ಬಿಟ್ಟ ಸಂಜೆ ಟಾಗೋರ್ ಕಡಲತೀರಕ್ಕೆ ಹೋಗಿ ನಿಂತಳು. ಅಮ್ಮ ಅವಳ ಕೈ ಬಿಡಲಿಲ್ಲ, ಮಳೆಗಾಲದ ಕಡಲನ್ನು ನಂಬಲಿಕ್ಕೆ ಆಗುವುದಿಲ್ಲ. ಮರಳಿನ ಮೇಲೆ ನೀರು ನುಗ್ಗಿ ಬಂತು. ಕಾಲಿನ ಸುತ್ತ ಒಂದು ಗಳಿಗೆ ನಿಂತಿತು. ಹೋಗುವಾಗ ತೆಳ್ಳಗಾಗಿ, ಅಂಗಾಲಿನ ಕೆಳಗಿನ ಮರಳನ್ನೂ ಎಳೆದುಕೊಂಡು ನಿಧಾನವಾಗಿ ಹೋಯಿತು. ಚೈತ್ರಾ ನೋಡುತ್ತಲೇ ಇದ್ದಳು. ಅಮ್ಮನ ಸೀರೆಯಂಚು ಒದ್ದೆಯಾಯಿತು.

ಡ್ರಾಯಿಂಗ್ ಶೀಟು ಕತ್ತರಿಸಿ ಒಂದೇ ಅಳತೆಯ 40 ಹಾಳೆ ಮಾಡಿದಳು. ಕಿಟಕಿ ಗಾಜಿಗೆ ಒತ್ತಿ ಹಿಡಿದು, ಕೆಳಗಿನ ಚಿತ್ರ ನೋಡಿಕೊಂಡು ಮೇಲಿನದನ್ನು ಬಿಡಿಸಿದಳು. ಎರಡು ಪುಟ್ಟ ಪಾದ, ಅವುಗಳ ಕಡೆಗೆ ಬರುವ ನೀರು. ಬರುವ ಅಲೆಗೆ ಕೆಲವೇ ಹಾಳೆ. ಹಿಂದೆ ಹೋಗುವ ನೀರಿಗೆ ತುಂಬಾ ಹಾಳೆ. ಕೊನೆಗೆ ಪಾದ ಮರಳಲ್ಲಿ ಸ್ವಲ್ಪ ಹೂತಿರಬೇಕು, ಇಲ್ಲದಿದ್ದರೆ ಅಜ್ಜಿಗೆ ಅರ್ಧ ಸಮುದ್ರವನ್ನೇ ತೋರಿಸಿದ ಹಾಗೆ.

ಅಪ್ಪ ಒಂದು ಬದಿಗೆ ದಪ್ಪ ದಾರದಿಂದ ಬಿಗಿಯಾಗಿ ಹೊಲಿದುಕೊಟ್ಟರು. ಅಮ್ಮ ಪ್ಲಾಸ್ಟಿಕ್ ಸುತ್ತಿದರು. ಪೋಸ್ಟ್ ಆಯಿತು.

ಜುಲೈ ಹೋಯಿತು, ಆಗಸ್ಟೂ ಹೋಯಿತು. ಉತ್ತರವಿಲ್ಲ. ಅಜ್ಜಿಯ ಬೆರಳು ಅಡಿಕೆ ಸುಲಿದು ಸುಲಿದು ಬಿಗಿದುಕೊಂಡಿವೆ, ಹಾಳೆ ಸರಿಸಲು ಆಗಲಿಲ್ಲವೇನೋ ಎಂದು ಅಮ್ಮ ಮೆಲ್ಲಗೆ ಹೇಳಿದರು. ಚೈತ್ರಾ ಆ ದಿನ ಊಟ ಸರಿಯಾಗಿ ಮಾಡಲಿಲ್ಲ.

ಸೆಪ್ಟೆಂಬರಿನಲ್ಲಿ ಪೊಟ್ಟಣ ವಾಪಸು ಬಂತು. ಅವಳ ಪುಸ್ತಕವೇ! ಅವಳ ಕಣ್ಣು ತುಂಬಿತು. ಆದರೆ ಪುಸ್ತಕ ಮೊದಲಿಗಿಂತ ದಪ್ಪಗಿತ್ತು. ಹಾಳೆಗಳು ನೀರು ಕುಡಿದು ಒಣಗಿ ಸುಕ್ಕಾಗಿದ್ದವು. ಮಣ್ಣಿನ ವಾಸನೆ.

ಹೆಬ್ಬೆರಳಿಟ್ಟು ಬಿಟ್ಟಳು.

ಅವಳ ಪಾದಗಳ ಪಕ್ಕದಲ್ಲಿ ಇನ್ನೆರಡು ಪಾದ. ಕೆಮ್ಮಣ್ಣಿನ ಬಣ್ಣ, ಪುಂಡಿನಾರಿನ ಕುಂಚದ ಸಣ್ಣ ಗೆರೆ. ಅಜ್ಜಿ ಮದುವೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುವುದು ಹೀಗೆಯೇ. ಮೊದಲ ಹಾಳೆಗಳಲ್ಲಿ ಆ ಪಾದಗಳು ದೂರ ಒಣಮರಳಲ್ಲಿದ್ದವು. ಅಲೆ ಬಂದಾಗ ಹಿಂದೆ ಸರಿದವು. ನೀರು ಇಳಿಯುವಾಗ ಒಂದೊಂದೇ ಹೆಜ್ಜೆ ಮುಂದೆ ಬಂದವು. ಕೊನೆಯ ಹಾಳೆಯಲ್ಲಿ ಚೈತ್ರಾಳನ್ನೂ ದಾಟಿ, ನೀರಿನೊಳಗೆ.

"ಅಮ್ಮಾ! ಅಜ್ಜಿ ನೀರಿಗೆ ಇಳಿದುಬಿಟ್ರು!"

ಅಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದರು. ಮತ್ತೆ ಮತ್ತೆ ಸರಿಸಿ ನೋಡಿದರು. "ನಂಗೆ ಒಂದು ದಿನವೂ ಹೇಳಲಿಲ್ಲ ನೋಡು, ಸಮುದ್ರ ನೋಡುವ ಆಸೆ ಅಂತ," ಅಂದರು. ಅವರ ದನಿ ಒಡೆದಿತ್ತು.

ರಾತ್ರಿ ಅಪ್ಪ ಬಂದವರು ಪುಸ್ತಕ ನೋಡಿದರು. ಬೋಟುಗಳು ಮತ್ತೆ ಹೊರಟು ಕೆಲಸ ಚುರುಕಾಗಿತ್ತು. "ದಸರಾ ರಜೆಗೆ ನಾವು ಹೋಗುವುದು ಅಂತಿತ್ತಲ್ಲ? ಹೋಗೋಣ. ಬರುವಾಗ ಅವರನ್ನೂ ಕರೆದುಕೊಂಡೇ ಬರೋಣ."

"ಅಜ್ಜಿಗೆ ಮೊದಲೇ ಗೊತ್ತಾಗಬೇಕಲ್ವಾ? ಅವರು ಸೀರೆ ಗೀರೆ ಕಟ್ಟಿಟ್ಟುಕೊಳ್ಳಬೇಕಲ್ವಾ?"

ಚೈತ್ರಾ ಡ್ರಾಯಿಂಗ್ ಶೀಟು ಹಾಸಿ ಅಳತೆ ಹಾಕತೊಡಗಿದಳು. ಸಿದ್ದಾಪುರದಲ್ಲಿ ಬಸ್ಸು ಹತ್ತಬೇಕು, ಘಾಟಿ ಇಳಿಯಬೇಕು, ಕುಮಟಾ ದಾಟಬೇಕು, ಅಂಕೋಲಾ ದಾಟಬೇಕು.

"ಅಪ್ಪಾ, ಈ ಸಲ 40 ಹಾಳೆ ಸಾಕಾಗುವುದಿಲ್ಲ."