ರೆಕಾರ್ಡಿಂಗ್ ಸಲಕರಣೆಗೆ ಧನಸಹಾಯ ಕೋರಿ ಸಂಗೀತ ಸಂಘದ ಮನವಿ

ಇವರಿಗೆ,
ಮಾನ್ಯ ಪ್ರಾಂಶುಪಾಲರು

ಮೂಲಕ: ಸಂಚಾಲಕರು, ಸಂಗೀತ ಸಂಘ

ವಿಷಯ: ಸಂಘಕ್ಕೆ ರೆಕಾರ್ಡಿಂಗ್ ಸಲಕರಣೆ ಕೊಳ್ಳಲು ಹಣ ಮಂಜೂರು ಮಾಡುವ ಬಗ್ಗೆ

ಮಾನ್ಯರೇ,

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ತಂಡ ಅಂತರ ಕಾಲೇಜು ಸ್ಪರ್ಧೆಯೊಂದಕ್ಕೆ ಹಾಡು ಕಳಿಸಿತ್ತು. ಮೊದಲ ಸುತ್ತು ರೆಕಾರ್ಡಿಂಗ್ ಕೇಳಿಯೇ ಆಯ್ಕೆ. ನಾವು ಫೋನನ್ನು ಬೆಂಚಿನ ಮೇಲಿಟ್ಟು, ಫ್ಯಾನ್ ಆರಿಸಿ, ಏಳು ಸಲ ಹಾಡಿದೆವು. ಆಯ್ಕೆ ಆಗಲಿಲ್ಲ. "ಗಾಯನ ಸರಿಯಾಗಿ ಕೇಳಿಸುತ್ತಿಲ್ಲ" ಎಂದು ಉತ್ತರ ಬಂತು. ಬೇಜಾರಾಯಿತು, ಆದರೆ ನಾವೇ ಮತ್ತೆ ಕೇಳಿದಾಗ ಅವರು ಹೇಳಿದ್ದು ಸರಿ ಅನ್ನಿಸಿತು. ತಬಲಾದ ಪ್ರತಿ ಪೆಟ್ಟಿಗೂ ಹಾಡುವವಳ ದನಿ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ತಂಬೂರಿಯಂತೂ ಅಲ್ಲಲ್ಲಿ ಮಾಯವೇ ಆಗಿತ್ತು.

ತಪ್ಪು ಹಾಡಿದವರದ್ದಲ್ಲ. ಫೋನಿನ ಮೈಕ್ ಇರುವುದು ಮಾತಿಗಾಗಿ. ಜೋರಾದ ಸದ್ದು ಬಂದರೆ ತಾನಾಗಿಯೇ ಮಟ್ಟ ತಗ್ಗಿಸುತ್ತದೆ, ಆಮೇಲೆ ಏರಿಸುತ್ತದೆ. ಒಂದೇ ಸಮನೆ ಬರುವ ಶ್ರುತಿಯನ್ನು ಫ್ಯಾನಿನ ಸದ್ದು ಅಂದುಕೊಂಡು ಅಳಿಸಲು ನೋಡುತ್ತದೆ. ಎಲ್ಲ ವಾದ್ಯವೂ ಒಂದೇ ಮೈಕಿಗೆ ಬೀಳುವುದರಿಂದ ಆಮೇಲೆ ತಬಲಾ ಒಂದನ್ನೇ ತಗ್ಗಿಸುವ ದಾರಿಯೂ ಇರುವುದಿಲ್ಲ.

ಅದಕ್ಕೇ ಈ ಮನವಿ. ನಾವು ಸ್ಟುಡಿಯೋ ಕೇಳುತ್ತಿಲ್ಲ. ಒಂದು ಕಪಾಟಿನಲ್ಲಿ ಹಿಡಿಸುವಷ್ಟು ಸಾಮಾನು ಸಾಕು. ಮುಖ್ಯವಾದದ್ದು ಎರಡು ಮೈಕ್ ಸಿಕ್ಕಿಸಬಹುದಾದ ಒಂದು ಆಡಿಯೋ ಇಂಟರ್‌ಫೇಸ್. ಮೈಕಿನ ಸದ್ದನ್ನು ಕಂಪ್ಯೂಟರಿಗೆ ಒಪ್ಪಿಸುವ ಪೆಟ್ಟಿಗೆ ಅದು. ಇದರಿಂದ ದನಿ ಒಂದು ಟ್ರ್ಯಾಕ್, ವಾದ್ಯ ಇನ್ನೊಂದು ಟ್ರ್ಯಾಕ್ ಆಗುತ್ತದೆ. ದನಿ, ಕೊಳಲು, ಪಿಟೀಲಿಗೆ ಒಂದು ಕಂಡೆನ್ಸರ್ ಮೈಕ್. ತಬಲಾದಂಥ ಜೋರಿನ ವಾದ್ಯಕ್ಕೆ ಒಂದು ಡೈನಮಿಕ್ ಮೈಕ್. ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕಿನ ಕೇಬಲ್ ಮೂಲಕವೇ ಬರುವ ವಿದ್ಯುತ್, ಬೇಕಾಗುವುದರಿಂದ ಅದನ್ನು ಕೊಡುವ ಇಂಟರ್‌ಫೇಸನ್ನೇ ಆರಿಸಿದ್ದೇವೆ. ಜೊತೆಗೆ ಎರಡು ಸ್ಟ್ಯಾಂಡ್, ಕೇಬಲ್, ಹಾಡುವಾಗ ಉಸಿರಿನ ಹೊಡೆತ ಮೈಕಿಗೆ ತಾಗದಂತೆ ತಡೆಯುವ ಪಾಪ್ ಫಿಲ್ಟರ್, ಕಿವಿ ಪೂರ್ತಿ ಮುಚ್ಚುವ ಎರಡು ಹೆಡ್‌ಫೋನ್. ಹೆಡ್‌ಫೋನಿನ ಸದ್ದು ಹೊರಗೆ ಸೋರಿದರೆ ಮೈಕ್ ಅದನ್ನೂ ಹಿಡಿದುಬಿಡುತ್ತದೆ, ಹಾಗಾಗಿ ಇಲ್ಲಿ ಅಗ್ಗದ್ದು ನಡೆಯುವುದಿಲ್ಲ.

ಕಂಪ್ಯೂಟರ್ ಬೇಡ. ಲ್ಯಾಬಿನಲ್ಲಿ ಬಳಸದೆ ಇಟ್ಟಿರುವ ಒಂದನ್ನು ಕೊಟ್ಟರೆ ಸಾಕು. ಸಾಫ್ಟ್‌ವೇರ್‌ಗೂ ಖರ್ಚಿಲ್ಲ, ಆಡಾಸಿಟಿ ಉಚಿತವಾಗಿ ಸಿಗುತ್ತದೆ. ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಮಾತ್ರ ಪಟ್ಟಿಯಲ್ಲಿದೆ. ಎರಡು ಟ್ರ್ಯಾಕ್‌ಗಳನ್ನು 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಗಂಟೆ ರೆಕಾರ್ಡ್ ಮಾಡಿದರೆ ಸುಮಾರು 1 ಜಿಬಿ ಆಗುತ್ತದೆ.

ಜಾಗದ ಬಗ್ಗೆ ಒಂದು ಮಾತು. ಲೈಬ್ರರಿ ಪಕ್ಕದ ಹಳೇ ಭೂಪಟದ ಕೋಣೆ ಈಗ ಖಾಲಿ ಇದೆ. ಹೋಗಿ ಚಪ್ಪಾಳೆ ತಟ್ಟಿ ನೋಡಿದೆವು. ಬರಿ ಗೋಡೆಗಳ ನಡುವೆ ಸದ್ದು ಗೊಂಯ್ ಅನ್ನುತ್ತದೆ. ಹಳೇ ಕಂಬಳಿ, ದಪ್ಪ ಪರದೆ ನಾವೇ ತಂದು ಕಟ್ಟುತ್ತೇವೆ. ಹೊರಗಿನ ಸದ್ದು ಇದರಿಂದ ನಿಲ್ಲುವುದಿಲ್ಲ, ಆದರೆ ಒಳಗಿನ ಗೊಂಯ್‌ಗುಡುವಿಕೆ ಕಡಿಮೆಯಾಗುತ್ತದೆ. ವಾರಕ್ಕೆ ಎರಡು ಸಂಜೆ, ತರಗತಿ ಮುಗಿದ ಮೇಲೆ ಆ ಕೋಣೆ ಸಿಕ್ಕರೆ ಸಾಕು.

ಮೂರು ಅಂಗಡಿಗಳ ದರಪಟ್ಟಿ ಲಗತ್ತಿಸಿದ್ದೇವೆ. ಒಟ್ಟು ಖರ್ಚಿನ ಕಾಲು ಭಾಗವನ್ನು ವಾರ್ಷಿಕೋತ್ಸವದಲ್ಲಿ ಉಳಿಸಿದ ಸಂಘದ ಹಣದಿಂದ ಕೊಡುತ್ತೇವೆ. ಮುಕ್ಕಾಲು ಭಾಗ ಕಾಲೇಜು ಕೊಡಬೇಕೆಂದು ಕೋರಿಕೆ. ಈ ವರ್ಷ ಪೂರ್ತಿ ಕಷ್ಟವಾದರೆ ಇಂಟರ್‌ಫೇಸ್, ಕಂಡೆನ್ಸರ್ ಮೈಕ್, ಅದರ ಸ್ಟ್ಯಾಂಡ್ ಮತ್ತು ಕೇಬಲ್, ಒಂದು ಹೆಡ್‌ಫೋನ್ ಮೊದಲು ಕೊಡಿಸಿ. ಉಳಿದದ್ದು ಮುಂದಿನ ವರ್ಷ ನೋಡೋಣ. ಇಷ್ಟರಲ್ಲೂ ದನಿಯನ್ನೂ ವಾದ್ಯವನ್ನೂ ಒಂದಾದ ಮೇಲೊಂದರಂತೆ ಬೇರೆಬೇರೆಯಾಗಿ ಹಿಡಿಯಬಹುದು.

ಇದು ಬರೀ ನಮ್ಮ ಸಂಘದ ಆಟಿಕೆ ಆಗಬಾರದು ಅಲ್ವಾ? ನಾಟಕ ತಂಡದವರು ಹಿನ್ನೆಲೆ ಸಂಗೀತಕ್ಕೆ ಈಗಲೇ ಕೇಳಿದ್ದಾರೆ. ದೃಷ್ಟಿದೋಷವಿರುವ ಸಹಪಾಠಿಗಳಿಗೆ ಪಾಠಗಳನ್ನು ಓದಿ ರೆಕಾರ್ಡ್ ಮಾಡಿಕೊಡಲು ನಮ್ಮಲ್ಲಿ ಆರು ಜನ ಒಪ್ಪಿದ್ದಾರೆ. ಯಾರು ಒಯ್ದರೂ ರಿಜಿಸ್ಟರ್‌ನಲ್ಲಿ ಬರೆದು, ಸಂಚಾಲಕರ ಸಹಿ ಹಾಕಿಸಿಯೇ ಒಯ್ಯಬೇಕು. ಕೀಲಿ ಕಚೇರಿಯಲ್ಲೇ ಇರಲಿ. ಕಳೆದರೆ, ಮುರಿದರೆ ಒಯ್ದ ತಂಡವೇ ಸರಿಮಾಡಿಸಿಕೊಡಬೇಕು. ಯಾರದೇ ಹಾಡನ್ನು ಅವರನ್ನು ಕೇಳದೆ ಹೊರಗೆ ಹಾಕುವುದಿಲ್ಲ.

ತಮಗೆ ಹತ್ತು ನಿಮಿಷ ಬಿಡುವಾದಾಗ ಬಂದು ಎರಡು ರೆಕಾರ್ಡಿಂಗ್ ಕೇಳಿಸುತ್ತೇವೆ. ಒಂದು ಫೋನಿನದು. ಇನ್ನೊಂದು, ಅದೇ ಹಾಡನ್ನು ಅದೇ ಗೆಳತಿ ಎರವಲು ತಂದ ಮೈಕಿನಲ್ಲಿ ಹಾಡಿದ್ದು. ಗುರುವಾರ ಮಧ್ಯಾಹ್ನ ನಮಗೆಲ್ಲ ತರಗತಿ ಇರುವುದಿಲ್ಲ. ಬೇರೆ ದಿನವಾದರೂ ಬರುತ್ತೇವೆ.

ವಂದನೆಗಳೊಂದಿಗೆ,

ಕಾರ್ಯದರ್ಶಿ ಮತ್ತು ಸದಸ್ಯರು
ಸಂಗೀತ ಸಂಘ

ಲಗತ್ತು: ಸಲಕರಣೆಗಳ ಪಟ್ಟಿ, ಮೂರು ದರಪಟ್ಟಿ, ಸದಸ್ಯರ ಸಹಿ ಇರುವ ಹಾಳೆ